ಗಿಲೀಟು ಎಲ್ಲಿ ಸವೆದಿದೆ, ಬೆಸುಗೆ ಎಲ್ಲಿ ಬಿದ್ದಿದೆ: ಮೊಬೈಲ್ ಮ್ಯಾಕ್ರೋ ಫೋಟೋದಲ್ಲಿ ಒಡವೆ ನೋಡುವ ಬಗೆ

2025ರಲ್ಲಿ 10 ಗ್ರಾಂ ಚಿನ್ನದ ಬೆಲೆ 1 ಲಕ್ಷ ರೂಪಾಯಿ ದಾಟಿತು. ಆಮೇಲೆ ದಿನಬಳಕೆಗೆ ಗಿಲೀಟಿನ ಸರವೇ ಸಾಕು ಅನ್ನುವವರು, ಇರುವ ಹಳೇ ಸರವನ್ನೇ ರಿಪೇರಿ ಮಾಡಿಸಿ ಹಾಕಿಕೊಳ್ಳೋಣ ಅನ್ನುವವರು ನಮ್ಮ ಸುತ್ತ ಬೇಕಾದಷ್ಟು ಕಾಣುತ್ತಾರೆ. ಇನ್ನೊಂದು ಕಡೆ, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಕೆಲವೇ ನೂರು ರೂಪಾಯಿಗೆ ಸಿಗುತ್ತಿದೆ. ಹಾಗಾಗಿ ಸರದ ಕೊಂಡಿಯ ದೊಡ್ಡ ಫೋಟೋ ತೆಗೆದು, "ಇಲ್ಲಿ ಕೆಂಪಗೆ ಕಾಣ್ತಿದೆ, ಇದು ತಾಮ್ರಾನಾ?" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಕೇಳುವುದು ಶುರುವಾಗಿದೆ.

ಕೆಲವು ಸಲ ಅದು ತಾಮ್ರವೇ. ಕೆಲವು ಸಲ ಅದು ಫೋಟೋ ತೆಗೆದವರ ಕೆಂಪು ಕುರ್ತಾ! ಎರಡನ್ನೂ ಬೇರೆ ಮಾಡುವುದು ಕಷ್ಟವೇನಲ್ಲ. ಫೋಟೋದಲ್ಲಿ ಯಾವ ಬಣ್ಣ ಕಾಣುತ್ತಿದೆ ಎನ್ನುವುದಕ್ಕಿಂತ, ಆ ಬಣ್ಣ ಒಡವೆಯ ಯಾವ ಜಾಗದಲ್ಲಿದೆ ಎಂದು ಮೊದಲು ನೋಡಬೇಕು, ಅಷ್ಟೇ. ಇಲ್ಲಿ ಉದಾಹರಣೆಗೆ ಎರಡು ಸರ ಇಟ್ಟುಕೊಳ್ಳೋಣ: ಒಂದು ಗಿಲೀಟಿನದು, ಇನ್ನೊಂದು 22 ಕ್ಯಾರೆಟ್ ಚಿನ್ನದ್ದು. ಎರಡನ್ನೂ ಕೆಲವು ವರ್ಷ ದಿನಾ ಹಾಕಿಕೊಂಡಿದ್ದಾರೆ ಅಂದುಕೊಳ್ಳಿ.

ಲೆನ್ಸ್ ಎಷ್ಟು ಚಿಕ್ಕದನ್ನು ತೋರಿಸುತ್ತದೆ?

ಮ್ಯಾಕ್ರೋ ಎಂದರೆ ತೀರಾ ಹತ್ತಿರದಿಂದ ತೆಗೆದ, ಚಿಕ್ಕದನ್ನು ದೊಡ್ಡದಾಗಿ ತೋರಿಸುವ ಫೋಟೋ. ಮೊಬೈಲಿನ ಮುಖ್ಯ ಕ್ಯಾಮೆರಾ ಇಷ್ಟು ಹತ್ತಿರಕ್ಕೆ ಫೋಕಸ್ ಮಾಡಲಾರದು. ಅದರ ಮುಂದೆ ಇನ್ನೊಂದು ಉಬ್ಬು ಗಾಜು ಸಿಕ್ಕಿಸಿದರೆ ಆ ಕೆಲಸ ಆಗುತ್ತದೆ. 10x ಲೆನ್ಸ್ ಆದರೆ ಒಡವೆ ಅದರಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿರಬೇಕು. ಆ ಕಡೆ ಈ ಕಡೆ ಒಂದು ಮಿಲಿಮೀಟರ್ ಸರಿದರೂ ಚಿತ್ರ ಮಸುಕು. ಆದ್ದರಿಂದ ಫೋನನ್ನು ಕೈಯಲ್ಲಿ ಹಿಡಿಯುವ ಬದಲು ಎರಡು ಪುಸ್ತಕದ ಕಟ್ಟುಗಳ ಮೇಲೆ ಅಡ್ಡಲಾಗಿ ಇಡಿ, ಕೆಳಗೆ ಒಡವೆಯನ್ನು ಕಾಗದದ ಮೇಲಿಟ್ಟು ಕಾಗದವನ್ನೇ ಸರಿಸಿ. ಬಟನ್ ಒತ್ತಿದಾಗ ಫೋನ್ ಅಲುಗಾಡುತ್ತದೆ, ಅದಕ್ಕೆ 2 ಸೆಕೆಂಡ್ ಟೈಮರ್ ಹಾಕಿ.

ಒಂದು ಕಿರಿಕಿರಿ ಇದೆ. ಕೆಲವು ಫೋನ್‌ಗಳು ವಸ್ತು ಹತ್ತಿರ ಬಂದ ಕೂಡಲೇ ತಾವಾಗಿಯೇ ಬೇರೆ ಕ್ಯಾಮೆರಾಗೆ ಬದಲಾಗುತ್ತವೆ. ನೀವು ಲೆನ್ಸ್ ಸಿಕ್ಕಿಸಿದ್ದು ಒಂದು ಕಣ್ಣಿಗೆ, ಫೋಟೋ ತೆಗೆಯುವುದು ಪಕ್ಕದ ಕಣ್ಣು! ಸೆಟ್ಟಿಂಗ್ಸ್‌ನಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಿದರೆ ಈ ತೊಂದರೆ ತಪ್ಪುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಲೆನ್ಸ್ ಕೆಳಗೆ ಮಕ್ಕಳ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಫೋಟೋದ ಅಗಲಕ್ಕೆ 16 ಮಿಲಿಮೀಟರ್ ಕಂಡಿತು, ಫೋಟೋದ ಅಗಲ 4000 ಪಿಕ್ಸೆಲ್ ಇದೆ ಅಂದುಕೊಳ್ಳಿ. ಆಗ ಒಂದು ಮಿಲಿಮೀಟರಿಗೆ 250 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್ಲಿಗೆ 4 ಮೈಕ್ರಾನ್. (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್.) ಅಗ್ಗದ ಲೆನ್ಸ್ ಅಷ್ಟು ಚೂಪಾಗಿ ತೋರಿಸುವುದಿಲ್ಲ. ಒಂದು ಗೆರೆ ಗೆರೆಯಾಗಿ ಕಾಣಲು ಎರಡು ಮೂರು ಪಿಕ್ಸೆಲ್ ಬೇಕು. ಹಾಗಾಗಿ ಸುಮಾರು 10 ಮೈಕ್ರಾನಿಗಿಂತ ಚಿಕ್ಕದು ಕಾಣುವುದಿಲ್ಲ ಎಂದಿಟ್ಟುಕೊಂಡರೆ ಸರಿ.

ಗಿಲೀಟಿನ ದಪ್ಪ ಇದಕ್ಕಿಂತ ಎಷ್ಟೋ ಕಡಿಮೆ. ಅಗ್ಗದ ಒಡವೆಯಲ್ಲಿ ಅರ್ಧ ಮೈಕ್ರಾನಿಗೂ ಕಡಿಮೆ ಇರುತ್ತದೆ, ದಪ್ಪ ಗಿಲೀಟು ಎಂದರೂ 2–3 ಮೈಕ್ರಾನ್. ಒಂದು ಗ್ರಾಂ ಚಿನ್ನವನ್ನು 1 ಮೈಕ್ರಾನ್ ದಪ್ಪಕ್ಕೆ ಹರಡಿದರೆ ಅದು 500 ಚದರ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ಮುಚ್ಚುತ್ತದೆ. ಒಂದು ಸಾಧಾರಣ ಸರದ ಮೈ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಫೋಟೋದಲ್ಲಿ ಗಿಲೀಟಿನ ಪದರದ ದಪ್ಪ ಅಳೆಯಲು ಹೋಗುವುದು ಸುಮ್ನೆ ಶ್ರಮ. ಪದರ ಇಲ್ಲದಿರುವ ಜಾಗ ಮಾತ್ರ ಚೆನ್ನಾಗಿ ಕಾಣುತ್ತದೆ. ನಾವು ಹುಡುಕಬೇಕಾದದ್ದೂ ಅದನ್ನೇ.

ಬೆಳಕು: ಎರಡು ಫೋಟೋ ಬೇಕು

ಪಾಲಿಷ್ ಆದ ಲೋಹ ಸುತ್ತಲಿನದನ್ನೆಲ್ಲ ತನ್ನ ಮೈಮೇಲೆ ತೋರಿಸುತ್ತದೆ. ನಿಮ್ಮ ಬೆರಳು, ಅಂಗಿ, ಫೋನಿನ ಕಪ್ಪು ಅಂಚು, ಮೇಲಿನ ಟ್ಯೂಬ್‌ಲೈಟ್ ಎಲ್ಲವೂ ಅಲ್ಲಿರುತ್ತವೆ. ಫೋನಿನ ಫ್ಲಾಶ್ ಹಾಕಿದರಂತೂ ಒಂದು ಬಿಳಿ ಚುಕ್ಕೆ, ಉಳಿದದ್ದು ಕತ್ತಲೆ.

ಮೊದಲನೇ ಫೋಟೋ ಬಣ್ಣ ನೋಡಲು. ಬಟರ್ ಪೇಪರನ್ನು ಸುರುಳಿ ಸುತ್ತಿ ಒಡವೆಯ ಸುತ್ತ ಗೋಡೆಯಂತೆ ನಿಲ್ಲಿಸಿ, ದೀಪವನ್ನು ಹೊರಗಿಡಿ. ಈಗ ಲೋಹದ ಮೈಮೇಲೆ ಬಿಳಿ ಕಾಗದ ಬಿಟ್ಟು ಬೇರೇನೂ ಕಾಣುವುದಿಲ್ಲ. ದೀಪ ಒಂದೇ ಇರಲಿ. ಕಿಟಕಿಯ ಬೆಳಕೂ ಬಲ್ಬಿನ ಬೆಳಕೂ ಬೆರೆತರೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ ಬರುತ್ತದೆ. ಒಂದು ತುಂಡು ಬಿಳಿ ಕಾಗದ ಫೋಟೋದೊಳಗೆ ಬರುವಂತೆ ಇಡಿ. ಕಾಗದ ಬಿಳಿಯಾಗಿ ಕಾಣದಿದ್ದರೆ ಲೋಹದ ಬಣ್ಣವನ್ನೂ ನಂಬಬೇಡಿ. ಪರದೆಯ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಅಲ್ಲೇ ಬೆರಳನ್ನು ಕೆಳಗೆ ಎಳೆದು ಫೋಟೋದ ಬೆಳಕು ಸ್ವಲ್ಪ ಕಡಿಮೆ ಮಾಡಿ. ಬೆಳಕು ಜಾಸ್ತಿಯಾದರೆ ಅಪ್ಪಟ ಚಿನ್ನವೂ ಬೆಳ್ಳಗೆ ಕಾಣುತ್ತದೆ, ನೋಡಿದವರು ಗಿಲೀಟು ಹೋಗಿದೆ ಅಂದುಕೊಳ್ಳುತ್ತಾರೆ.

ಎರಡನೇ ಫೋಟೋ ಗೀರು, ತಗ್ಗು, ಉಬ್ಬು ನೋಡಲು. ಕಾಗದ ತೆಗೆದು, ಒಂದು ಟಾರ್ಚನ್ನು ಮೇಜಿನ ಮಟ್ಟದಲ್ಲಿ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಸಣ್ಣ ಗೀರಿಗೂ ನೆರಳು ಬಿದ್ದು ಎದ್ದು ಕಾಣುತ್ತದೆ.

ಕೆಂಪು ಕುರ್ತಾದ ಸಮಸ್ಯೆಗೂ ಉತ್ತರ ಇಲ್ಲೇ ಇದೆ. ಒಡವೆಯನ್ನು ಸ್ವಲ್ಪ ತಿರುಗಿಸಿ ಮತ್ತೊಂದು ಫೋಟೋ ತೆಗೆಯಿರಿ. ಕೆಂಪು ಮಚ್ಚೆ ಲೋಹದ ಜೊತೆಗೇ ತಿರುಗಿದರೆ ಅದು ಲೋಹದ್ದು. ಲೋಹ ತಿರುಗಿದರೂ ಮಚ್ಚೆ ಇದ್ದಲ್ಲೇ ನಿಂತರೆ ಅದು ಪ್ರತಿಬಿಂಬ. ಫೋನಿನ ಸಾಫ್ಟ್‌ವೇರ್ ಚಿತ್ರವನ್ನು ಚೂಪು ಮಾಡಲು ಹೋಗಿ ಇಲ್ಲದ ಗೆರೆಗಳನ್ನು ಹುಟ್ಟಿಸುವುದೂ ಉಂಟು. ಅವೂ ಹೀಗೆ ತಿರುಗಿಸಿ ತೆಗೆದ ಫೋಟೋದಲ್ಲಿ ಲೋಹದ ಅದೇ ಜಾಗಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಮಾಡುವ ಮುಂಚೆ ಒಡವೆ ತೊಳೆಯಬೇಕು, ಅಲ್ವಾ? ಸಂದಿಯಲ್ಲಿ ಕೂತ ಅರಿಶಿನ, ಕುಂಕುಮ, ಸೋಪು ಎಲ್ಲವೂ ದೊಡ್ಡದಾಗಿ ನೋಡಿದಾಗ ಲೋಹದ ಕಲೆಯಂತೆಯೇ ಕಾಣುತ್ತವೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬ್ರಷ್ ಸಾಕು. ಆದರೆ ಮುತ್ತಿನ ಒಡವೆ, ಒಳಗೆ ಅರಗು ತುಂಬಿದ ಒಡವೆಗಳನ್ನು ನೀರಿಗೆ ಹಾಕಬೇಡಿ.

ಗಿಲೀಟು ಮೊದಲು ಸವೆಯುವುದು ಎಲ್ಲಿ?

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ್ದು ನೆನಪಿದೆಯಾ? ಸೌಟು ಉಜ್ಜುವ ತಳದಲ್ಲಿ ಕಲಾಯಿ ಮೊದಲು ಹೋಗುತ್ತದೆ, ಕಂಠದ ಒಳಗೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಗಿಲೀಟಿನದ್ದೂ ಇದೇ ಕಥೆ. ಸರದಲ್ಲಿ ಒಂದು ಕೊಂಡಿ ಇನ್ನೊಂದು ಕೊಂಡಿಯನ್ನು ಉಜ್ಜುವ ಒಳಬಾಗಿನಲ್ಲಿ ಅದು ಮೊದಲು ಸವೆಯುತ್ತದೆ. ಆಮೇಲೆ ಕುತ್ತಿಗೆಯ ಹಿಂಭಾಗದ ಕೊಕ್ಕೆ ಮತ್ತು ಅದರ ಪಕ್ಕದ ರಿಂಗು. ಸರವನ್ನು ಎಳೆದು ಹಿಡಿದರೆ ಒಳಬಾಗು ಮುಚ್ಚಿಹೋಗುತ್ತದೆ. ಸರವನ್ನು ಸಡಿಲ ಬಿಟ್ಟು, ಎರಡು ಕೊಂಡಿಗಳನ್ನು ಪರಸ್ಪರ ಒಳಕ್ಕೆ ತಳ್ಳಿ. ಆಗ ಇಷ್ಟು ದಿನ ಉಜ್ಜಿಕೊಂಡ ಜಾಗ ಹೊರಗೆ ಕಾಣುತ್ತದೆ.

ಗಿಲೀಟಿನ ಸರದಲ್ಲಿ ಅಲ್ಲಿ ಏನು ಕಾಣುತ್ತದೆ? ತಾಮ್ರದ ಸರಕ್ಕೆ ಚಿನ್ನ ಹಾಕುವ ಮುಂಚೆ ನಡುವೆ ನಿಕ್ಕಲ್ ಪದರ ಹಾಕುವುದು ಸಾಮಾನ್ಯ. ತಾಮ್ರ ನಿಧಾನವಾಗಿ ಚಿನ್ನದೊಳಗೆ ಸೇರಿ ಬಣ್ಣ ಕೆಡಿಸದಿರಲಿ ಅಂತ. ಹಾಗೆ ಮಾಡಿದ ಸರದ ಒಳಬಾಗಿನಲ್ಲಿ ಒಂದರೊಳಗೊಂದು ಮೂರು ಬಣ್ಣ ಕಾಣುತ್ತವೆ. ಹೊರಗೆ ಚಿನ್ನದ ಹಳದಿ, ಅದರೊಳಗೆ ತೆಳ್ಳಗಿನ ಬೂದು ಪಟ್ಟಿ, ನಟ್ಟನಡುವೆ ಗುಲಾಬಿ ಮಿಶ್ರಿತ ಕೆಂಪು. ಬೂದು ಪಟ್ಟಿ ನಿಕ್ಕಲ್, ಕೆಂಪು ತಾಮ್ರ. ಉಜ್ಜಿ ಉಜ್ಜಿ ನಡುವೆ ಆಳ ಜಾಸ್ತಿಯಾಗಿ, ಅಂಚಿಗೆ ಬರುತ್ತಾ ಕಡಿಮೆಯಾಗುವುದರಿಂದ ಪದರಗಳು ಹೀಗೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮೂರೂ ಬಣ್ಣ ಈ ಕ್ರಮದಲ್ಲಿ, ಉಜ್ಜುವ ಜಾಗದಲ್ಲೇ ಇದ್ದರೆ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ.

ಒಳಗಿರುವುದು ಹಿತ್ತಾಳೆಯಾದರೆ ಗುರುತಿಸುವುದು ಕಷ್ಟ, ಏಕೆಂದರೆ ಅದೂ ಹಳದಿಯೇ. ಚಿನ್ನದ ಪಕ್ಕದಲ್ಲಿ ಸ್ವಲ್ಪ ನಿಂಬೆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಮಂಕಾಗಿ ಕಂದು ಹಿಡಿದಿರುತ್ತದೆ. ಸಂದಿಯಲ್ಲಿ ಹಸಿರು ಪುಡಿ ಇದ್ದರೆ ಅದು ತಾಮ್ರ ಅಥವಾ ಹಿತ್ತಾಳೆ ಬೆವರಿಗೆ ಕಿಲುಬು ಹಿಡಿದದ್ದು.

ಸವೆತದ ಅಂಚನ್ನೂ ನೋಡಿ. ಬಳಸಿ ಸವೆದದ್ದಾದರೆ ಬಣ್ಣ ನಿಧಾನವಾಗಿ ತೆಳುವಾಗುತ್ತಾ ಹೋಗುತ್ತದೆ. ಅಂಚು ಹರಿದ ಕಾಗದದಂತೆ ಚೂಪಾಗಿದ್ದು, ಪಕ್ಕದಲ್ಲಿ ಸಣ್ಣ ಗುಳ್ಳೆಗಳೂ ಇದ್ದರೆ, ಆ ಪದರ ಸವೆದದ್ದಲ್ಲ, ಕಿತ್ತು ಬಂದದ್ದು. ಗಿಲೀಟು ಹಾಕುವಾಗ ಒಳಲೋಹದ ಜಿಡ್ಡು ಸರಿಯಾಗಿ ತೆಗೆದಿಲ್ಲ ಎಂದು ಅರ್ಥ. ಹೊಸ ಒಡವೆಯಲ್ಲಿ ಇದು ಕಂಡರೆ ವಾಪಸ್ ಕೊಡಲು ಅದೇ ಸರಿಯಾದ ಫೋಟೋ.

22 ಕ್ಯಾರೆಟ್ ಸರದಲ್ಲೂ ಅದೇ ಒಳಬಾಗು ಸವೆದಿರುತ್ತದೆ, ಇನ್ನೂ ಜಾಸ್ತಿಯೇ ಸವೆದಿರಬಹುದು. ಚಿನ್ನ ಮೆತ್ತಗೆ. ಆದರೆ ಅಲ್ಲಿ ತಗ್ಗು ಇರುತ್ತದೆ, ಬೇರೆ ಬಣ್ಣ ಇರುವುದಿಲ್ಲ. ತಗ್ಗಿನ ತಳವೂ ಕೊಂಡಿಯ ಮೈಯೂ ಒಂದೇ ಹಳದಿ. ಇಲ್ಲಿ ಬಣ್ಣದ ಬದಲು ದಪ್ಪ ನೋಡಬೇಕು. ಸ್ಕೇಲಿನ ಫೋಟೋದ ಲೆಕ್ಕ ಈಗ ಕೆಲಸಕ್ಕೆ ಬರುತ್ತದೆ. ಕೊಂಡಿಯ ತಂತಿ ಬದಿಯಲ್ಲಿ 200 ಪಿಕ್ಸೆಲ್, ಅಂದರೆ 0.8 ಮಿಲಿಮೀಟರ್ ಇದ್ದು, ಒಳಬಾಗಿನಲ್ಲಿ 100 ಪಿಕ್ಸೆಲ್ ಮಾತ್ರ ಉಳಿದಿದ್ದರೆ ಅರ್ಧ ಸವೆದಿದೆ ಎಂದಾಯಿತು. ಅಂಥ ಸರ ಒಂದು ಜಗ್ಗಿಗೆ ಕಿತ್ತು ಎಲ್ಲಿ ಬೇಕಾದರೂ ಬೀಳಬಹುದು. ಸ್ಕೇಲ್ ಮತ್ತು ಕೊಂಡಿ ಎರಡೂ ಲೆನ್ಸಿನಿಂದ ಒಂದೇ ದೂರದಲ್ಲಿದ್ದಾಗ ಮಾತ್ರ ಈ ಲೆಕ್ಕ ಸರಿ.

ಗಿಲೀಟು ಸವೆದಿದೆ ಎಂದ ಮಾತ್ರಕ್ಕೆ ಒಳಗೆ ಚಿನ್ನ ಇಲ್ಲ ಎಂದಲ್ಲ. ಬಿಳಿ ಚಿನ್ನದ ಉಂಗುರಗಳಿಗೆ ಮೇಲೆ ರೋಡಿಯಂ ಎಂಬ ಬಿಳಿ ಲೋಹದ ಲೇಪ ಹಾಕುತ್ತಾರೆ. ಅದು ಸವೆದಾಗ ಒಳಗಿನ ತಿಳಿ ಹಳದಿ ಕಾಣುತ್ತದೆ. ಅದು ಮೋಸವಲ್ಲ, ಮತ್ತೆ ಲೇಪ ಹಾಕಿಸಿಕೊಳ್ಳುವ ಕಾಲ ಬಂತು ಅಂತ ಅಷ್ಟೇ.

ಬೆಸುಗೆ ಹೇಗಿದ್ದರೆ ಚೆನ್ನ?

ಎರಡು ತುದಿ ಸೇರಿಸಲು ಅಕ್ಕಸಾಲಿಗರು ಒಡವೆಗಿಂತ ಬೇಗ ಕರಗುವ ಲೋಹ ಬಳಸುತ್ತಾರೆ. ಬಿಳಿಗಾರ ಹಚ್ಚಿ ಬಿಸಿ ಮಾಡಿದರೆ ಕರಗಿದ ಬೆಸುಗೆ ತಾನಾಗಿಯೇ ಸಂದಿಯೊಳಗೆ ಹರಿಯುತ್ತದೆ. ಬೇಗ ಕರಗಬೇಕಾದ್ದರಿಂದ ಅದರಲ್ಲಿ ಬೇರೆ ಲೋಹ ಸೇರಿರುತ್ತದೆ. ಹಾಗಾಗಿ ಬಣ್ಣ ಒಡವೆಗಿಂತ ಒಂದು ಚೂರು ಬೇರೆ. ಹಿಂದೆ ಬೆಸುಗೆಯ ಚಿನ್ನಕ್ಕೆ ಕ್ಯಾಡ್ಮಿಯಂ ಸೇರಿಸುತ್ತಿದ್ದರು. ಅಂಗಡಿಗಳ ಬೋರ್ಡಿನಲ್ಲಿ ಕೆಡಿಎಂ ಎಂದು ಬರೆಯುತ್ತಿದ್ದದ್ದು ಅದನ್ನೇ. ಕ್ಯಾಡ್ಮಿಯಂ 321 ಡಿಗ್ರಿಗೇ ಕರಗುತ್ತದೆ, 767 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಕೆಲಸ ಮಾಡುವವರ ಶ್ವಾಸಕೋಶಕ್ಕೆ ವಿಷ. ಈಗ ಅದರ ಬದಲು ಸತು ಮುಂತಾದ ಲೋಹ ಬಳಸುತ್ತಾರೆ.

ನಮ್ಮ ಬೀದಿಯ ಹಿರಿಯ ಅಕ್ಕಸಾಲಿಗರೊಬ್ಬರಿಗೆ ಇಂಥ ಫೋಟೋ ತೋರಿಸಿದಾಗ ಅವರು ನಕ್ಕು, "ನೋಡಮ್ಮ, ಬೆಸುಗೆ ಎಲ್ಲಿದೆ ಅಂತ ಹುಡುಕೋ ಹಾಗಿರ್ಬೇಕು. ಹುಡುಕದೇ ಕಂಡ್ರೆ ಕೆಲಸ ಕೆಟ್ಟಿದೆ ಅಂತ" ಅಂದರು. ಫೋಟೋದಲ್ಲಿ ಒಳ್ಳೆಯ ಬೆಸುಗೆ ಒಂದು ತೆಳು ಗೆರೆ. ಪಕ್ಕದ ಬೆಳಕಿನಲ್ಲಿ ಕೈ ಆಡಿಸಿದಷ್ಟು ನಯವಾಗಿ ಕಾಣುತ್ತದೆ, ಮೂಲೆಗಳು ಪೂರ್ತಿ ತುಂಬಿರುತ್ತವೆ.

ಕೆಟ್ಟ ಬೆಸುಗೆಗೆ ಹಲವು ಮುಖ. ಗೆರೆಯ ನಡುವೆ ಕಪ್ಪು ಸಂದಿ ಉಳಿದಿದ್ದರೆ ಬೆಸುಗೆ ಅಲ್ಲಿಗೆ ಹರಿದಿಲ್ಲ. ತುದಿಗಳ ನಡುವೆ ಅಂತರ ಜಾಸ್ತಿ ಇತ್ತು ಅಥವಾ ಕೊಳೆ ಇತ್ತು. ಸೂಜಿಮೊನೆಯಂಥ ದುಂಡು ತೂತುಗಳಿದ್ದರೆ ಬಿಸಿ ಅತಿಯಾಗಿ ಸತು ಆವಿಯಾಗಿ ಹೋಗಿರಬಹುದು. ಪಕ್ಕದ ಕೆತ್ತನೆಯ ಅಂಚುಗಳು ಕರಗಿ ದುಂಡಗಾಗಿದ್ದರೆ ಉರಿ ಹೆಚ್ಚಾಗಿತ್ತು. ಗಾಜಿನ ಹನಿಯಂಥ ಕಂದು ಚುಕ್ಕೆ ಬಿಳಿಗಾರದ ಉಳಿಕೆ, ಅದರಿಂದ ಅಪಾಯವೇನಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಬೂದು ಬಣ್ಣದ, ಮಂಕಾದ, ಮೇಲೆ ಹರಡಿಕೊಂಡು ಕೂತ ಮಚ್ಚೆ. ಅದು ರೇಡಿಯೋ ರಿಪೇರಿಯವರು ಬಳಸುವ ತವರ-ಸೀಸದ ಬೆಸುಗೆ ಆಗಿರಬಹುದು. ಅದು 183 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಕೆಲಸ ಸುಲಭ, ಆದರೆ ಹಿಡಿತ ಕಡಿಮೆ. ಮುಂದೆ ಯಾರಾದರೂ ಅದೇ ಒಡವೆಯನ್ನು ಚಿನ್ನದ ಬೆಸುಗೆಗೆ ಬಿಸಿ ಮಾಡಿದರೆ ತವರ, ಸೀಸ ಚಿನ್ನದೊಳಗೆ ಇಳಿದು ಅದನ್ನು ಪೆಡಸು ಮಾಡುತ್ತವೆ. ರಿಪೇರಿಗೆ ಕೊಡುವಾಗ ಆ ಮಚ್ಚೆಯ ಫೋಟೋ ತೋರಿಸಿದರೆ ಅವರು ಮೊದಲು ಅದನ್ನು ತೆಗೆದು ಮುಂದುವರಿಯುತ್ತಾರೆ.

ಯಂತ್ರದಲ್ಲಿ ಲೇಸರ್ ಬೆಸುಗೆ ಹಾಕಿದ್ದರೆ ಗೆರೆ ಕಾಣುವುದಿಲ್ಲ. ಒಂದರ ಮೇಲೊಂದು ಅರ್ಧ ಹತ್ತಿದ ಚಿಕ್ಕ ಚಿಕ್ಕ ವೃತ್ತಗಳ ಸಾಲು ಕಾಣುತ್ತದೆ. ಅದು ದೋಷವಲ್ಲ.

ಇನ್ನು ಗಿಲೀಟಿನ ಸರ. ಅದರಲ್ಲಿ ಬೆಸುಗೆ ಮೊದಲು, ಗಿಲೀಟು ಆಮೇಲೆ. ಹಾಗಾಗಿ ಬೆಸುಗೆಯ ಬಣ್ಣ ಕಾಣುವುದೇ ಇಲ್ಲ, ಆಕಾರ ಮಾತ್ರ ಕಾಣುತ್ತದೆ. ಅಗ್ಗದ ಸರಗಳಲ್ಲಿ ಕೊಂಡಿಯ ತುದಿಗಳನ್ನು ಬೆಸೆಯದೆ ಸುಮ್ಮನೆ ಬಗ್ಗಿಸಿ ಬಿಟ್ಟಿರುತ್ತಾರೆ, ಸಂದಿ ಸೀಳಿನಂತೆ ಕಾಣುತ್ತದೆ. ಗಿಲೀಟು ಹಾಕಿದ ಮೇಲೆ ರಿಪೇರಿ ಮಾಡಿದ್ದರೆ ಬೆಸುಗೆಯ ಸುತ್ತ ಗಿಲೀಟು ಸುಟ್ಟು ಕಪ್ಪು ಅಥವಾ ಕೆಂಪು ಉಂಗುರ ಮೂಡಿರುತ್ತದೆ.

ಅರ, ಇಕ್ಕಳ, ಪಾಲಿಷ್ ಚಕ್ರ

ಒಡವೆಯ ಮುಂಭಾಗ ಪಾಲಿಷ್ ಆಗಿ ಗುರುತುಗಳು ಅಳಿಸಿಹೋಗಿರುತ್ತವೆ. ಜುಮಕಿಯ ಒಳಗೆ, ಪದಕದ ಹಿಂದೆ, ಉಂಗುರದ ಒಳಗೆ ನೋಡಿ. ಅರ ಹಾಕಿದ ಕಡೆ ಸಮ ಅಂತರದ ನೇರ ಗೆರೆಗಳಿರುತ್ತವೆ. ಪಾಲಿಷ್ ಚಕ್ರ ಬಿಟ್ಟ ಗೆರೆಗಳು ಅವಕ್ಕಿಂತ ಸಣ್ಣ, ಒಂದೇ ದಿಕ್ಕಿಗೆ. ಹಾಕಿಕೊಂಡು ಆದ ಗೀರುಗಳಿಗೆ ದಿಕ್ಕೇ ಇರುವುದಿಲ್ಲ. ಉಳಿಯಿಂದ ಕೆತ್ತಿದ ಗೆರೆ ಹೊಳೆಯುತ್ತದೆ, ತುದಿಯಲ್ಲಿ ಸಣ್ಣದಾಗುತ್ತಾ ಮುಗಿಯುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಗೆರೆಯ ತಳ ದುಂಡಗೆ, ಒರಟಾಗಿರುತ್ತದೆ.

ಕೊಕ್ಕೆಯ ಪಕ್ಕದ ರಿಂಗಿನ ಮೇಲೆ ಸಾಲಾಗಿ ಚಿಕ್ಕ ತಗ್ಗುಗಳಿದ್ದರೆ ಯಾರೋ ಇಕ್ಕಳದಿಂದ ಅದನ್ನು ಬಿಚ್ಚಿದ್ದಾರೆ. ಯಾವಾಗ? ಗಿಲೀಟಿನ ಒಡವೆಯಾದರೆ ಅದನ್ನೂ ಹೇಳಬಹುದು. ತಗ್ಗಿನೊಳಗೂ ಚಿನ್ನದ ಬಣ್ಣ ಹಾಗೇ ಇದ್ದರೆ ತಯಾರಿಸುವಾಗಲೇ ಆದದ್ದು. ತಗ್ಗಿನ ಅಂಚಿನಲ್ಲಿ ಗಿಲೀಟು ಒಡೆದು ತಾಮ್ರ ಇಣುಕುತ್ತಿದ್ದರೆ ಆಮೇಲೆ ಆದದ್ದು. ಯಾವುದರ ಮೇಲೆ ಯಾವುದಿದೆ ಎಂದು ನೋಡಿದರೆ ಯಾವುದು ಮೊದಲು ಎಂದು ತಿಳಿಯುತ್ತದೆ.

ಫೋಟೋ ಹೇಳಲಾರದ್ದು

ಚಿನ್ನ ಎಷ್ಟು ಶುದ್ಧ ಎಂದು ಯಾವ ಮೊಬೈಲ್ ಫೋಟೋವೂ ಹೇಳದು. ದಪ್ಪ ಗಿಲೀಟಿನ ಹೊಸ ಸರ ಎಷ್ಟು ದೊಡ್ಡದು ಮಾಡಿ ನೋಡಿದರೂ ಚಿನ್ನದಂತೆಯೇ ಇರುತ್ತದೆ. 22 ಕ್ಯಾರೆಟ್ಟೋ 18 ಕ್ಯಾರೆಟ್ಟೋ ಎಂದು ಬಣ್ಣ ನೋಡಿ ತೀರ್ಮಾನಿಸುವುದು ಸಾಧ್ಯವಿಲ್ಲ. ಅಂಗಡಿಯಲ್ಲಿ ಎಕ್ಸ್‌ರೇ ಯಂತ್ರದಲ್ಲಿ ಇಟ್ಟು ನೋಡುವುದೂ ಮೇಲ್ಮೈಯ ಕೆಲವು ಮೈಕ್ರಾನ್ ಆಳವನ್ನೇ. ಪೂರ್ತಿ ನಿಖರ ಬೇಕೆಂದರೆ ಒಂದು ಚೂರು ತೆಗೆದು ಕರಗಿಸಿ ಪರೀಕ್ಷಿಸಬೇಕು.

ಮ್ಯಾಕ್ರೋ ಲೆನ್ಸ್ ಇಲ್ಲಿ ಮಾಡಬಹುದಾದ ಒಂದು ಕೆಲಸವೆಂದರೆ ಹಾಲ್‌ಮಾರ್ಕ್ ಓದುವುದು. 2023ರ ಏಪ್ರಿಲ್ 1ರಿಂದ ಹೊಸ ಹಾಲ್‌ಮಾರ್ಕ್ ಒಡವೆಗಳ ಮೇಲೆ ಬಿಐಎಸ್ ಲಾಂಛನ, 22K916ನಂಥ ಶುದ್ಧತೆಯ ಗುರುತು, ಮತ್ತು HUID ಎಂಬ, ಒಂದೊಂದು ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತು ಇರಬೇಕು. ಬರಿಗಣ್ಣಿಗೆ ಅದು ಬರೀ ಗೀಚಿದಂತೆ ಕಾಣುತ್ತದೆ. ಪಕ್ಕದ ಬೆಳಕಿನಲ್ಲಿ ಫೋಟೋ ತೆಗೆದರೆ ಸ್ಪಷ್ಟ. ಆ ಆರನ್ನು BIS Care ಆ್ಯಪ್‌ನ Verify HUID ಜಾಗದಲ್ಲಿ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಪರೀಕ್ಷಿಸಿದ ಕೇಂದ್ರದ ವಿವರ ಬರುತ್ತದೆ. ನಿಮ್ಮ ಕೈಯಲ್ಲಿರುವುದು ಸರ, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ಅಂಗಡಿಯವರನ್ನು ಕೇಳಲೇಬೇಕು. ಅಜ್ಜಿಯ ಕಾಲದ ಒಡವೆಯಲ್ಲಿ HUID ಇಲ್ಲ ಅಂತ ಗಾಬರಿ ಬೇಡ, ಆಗ ಅದು ಇರಲೇ ಇಲ್ಲ.

ರಿಪೇರಿಗೆ ಕೊಡುವ ಮುಂಚೆ

ಸರವನ್ನು ರಿಪೇರಿಗೆ ಕೊಡುವ ದಿನ ತೂಕದ ಜೊತೆ ನಾಲ್ಕು ಫೋಟೋ ಇಟ್ಟುಕೊಳ್ಳಿ: ಕೊಕ್ಕೆ, ಹಾಲ್‌ಮಾರ್ಕ್, ಮುರಿದ ಜಾಗ, ಮತ್ತು ಮುರಿಯದ ಒಂದು ಕೊಂಡಿ. ಪಕ್ಕದಲ್ಲಿ ಸ್ಕೇಲ್ ಇರಲಿ. ವಾಪಸ್ ಬಂದ ಮೇಲೆ ಅದೇ ಕೋನದಲ್ಲಿ, ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಸಣ್ಣ ಗೀರುಗಳು ಮಾಯವಾಗಿರುತ್ತವೆ, ಪಾಲಿಷ್ ಮಾಡಿದರೆ ಹಾಗೇ ಆಗುವುದು. ಅದರಿಂದ ತೂಕ ಒಂದು ಚೂರು ಇಳಿದಿರಲೂಬಹುದು. ಮುರಿದಲ್ಲಿ ಹೊಸ ಬೆಸುಗೆಯ ಗೆರೆ ಇರುತ್ತದೆ. ಆದರೆ ಇಕ್ಕಳದ ಆಳವಾದ ತಗ್ಗು, ಒಳಬಾಗಿನ ಸವೆತ ಪಾಲಿಷಿಗೆ ಹೋಗುವುದಿಲ್ಲ. ಕೊಕ್ಕೆಯ ಮೇಲಿದ್ದ ಆಳದ ಗುರುತೂ ಹೋಗಿ, ಮುರಿಯದ ಕೊಂಡಿಯ ಒಳಬಾಗು ಹೊಸದರಂತೆ ದುಂಡಗೆ ಬಂದಿದ್ದರೆ ಆ ಭಾಗವನ್ನೇ ಬದಲಾಯಿಸಿದ್ದಾರೆ. ಬದಲಾಯಿಸಿದ್ದಕ್ಕೆ ಕಾರಣ ಇರಬಹುದು. ಬಿಲ್ಲಿನಲ್ಲಿ ಅದನ್ನು ಬರೆದಿದ್ದಾರಾ, ಹಳೇ ತುಂಡು ವಾಪಸ್ ಕೊಟ್ಟಿದ್ದಾರಾ ಅಂತ ಎರಡೂ ಫೋಟೋ ಮುಂದಿಟ್ಟು ಕೇಳಿ.